ಡ್ರೈವ್ ಒಳಗೆ ಸಿಕ್ಕಿಕೊಂಡ ಡಿಸ್ಕ್: ಪಿನ್ ತೂತಿನಿಂದ ಹೊರಗೆ ತೆಗೆಯುವುದು, ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು

ಕಂಪ್ಯೂಟರ್‌ನ ಸಿಡಿ ಅಥವಾ ಡಿವಿಡಿ ಡ್ರೈವ್‌ನ ಎಜೆಕ್ಟ್ ಬಟನ್ ಒತ್ತಿದರೂ ಟ್ರೇ ಹೊರಗೆ ಬರುತ್ತಿಲ್ಲ. ಡಿಸ್ಕ್ ಒಳಗೇ ಇದೆ. ಇಂಥ ಹೊತ್ತಲ್ಲಿ ಟ್ರೇ ಅಂಚಿಗೆ ಚಾಕುವನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ಮೀಟೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿದ ಟ್ರೇ ಒಳಗಡೆ ಹಲ್ಲು ಮತ್ತು ಕೊಕ್ಕೆಗಳಿಂದ ಬಿಗಿಯಾಗಿ ಲಾಕ್ ಆಗಿರುತ್ತದೆ. ಮುಂದಿನಿಂದ ಮೀಟಿದರೆ ಮೊದಲು ಮುರಿಯುವುದು ಆ ಪ್ಲಾಸ್ಟಿಕ್ ಹಲ್ಲುಗಳೇ.

ಅದಕ್ಕೆಂದೇ ಡ್ರೈವ್ ಮುಂಭಾಗದಲ್ಲಿ ಸೂಜಿಮೊನೆಗಿಂತ ಸ್ವಲ್ಪ ದೊಡ್ಡದಾದ ಒಂದು ತೂತು ಇರುತ್ತದೆ. ಅದಕ್ಕೆ ತಂತಿ ಹಾಕಿ ಒತ್ತಿದರೆ ವಿದ್ಯುತ್ ಇಲ್ಲದೆಯೇ ಲಾಕ್ ಬಿಡುತ್ತದೆ. ಇಷ್ಟು ಹಲವರಿಗೆ ಗೊತ್ತು. ಆದರೆ ಆ ತಂತಿ ಒತ್ತಿದಾಗ ಕೈಗೆ ಏನು ತಿಳಿಯುತ್ತದೆ, ಟ್ರೇ ಹೇಗೆ ಹೊರಗೆ ಬರುತ್ತದೆ ಎಂಬುದನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಕಂಪ್ಯೂಟರ್‌ನಲ್ಲಿದೆಯೋ, ಡ್ರೈವ್‌ನ ಬೆಲ್ಟ್‌ನಲ್ಲಿದೆಯೋ, ಇಲ್ಲ ಡಿಸ್ಕ್‌ನಲ್ಲೇ ಇದೆಯೋ ಎಂದು ಬಹುಪಾಲು ಅಲ್ಲೇ ತೀರ್ಮಾನಿಸಬಹುದು.

## ಲೈಟ್ ಮಿನುಗುತ್ತಿದೆ, ಡಿಸ್ಕ್ ತಿರುಗುವ ಸದ್ದು ಕೇಳುತ್ತಿದೆ, ಆದರೆ ಬಟನ್‌ಗೆ ಸ್ಪಂದನೆ ಇಲ್ಲ

ಇದು ಬಹುತೇಕ ಡ್ರೈವ್ ಕೆಟ್ಟಿರುವ ಲಕ್ಷಣ ಅಲ್ಲ. ಯಾವುದೋ ಪ್ರೋಗ್ರಾಂ ಡಿಸ್ಕನ್ನು ಓದುತ್ತಿದೆ ಅಥವಾ ಬರೆಯುತ್ತಿದೆ. ಆ ಹೊತ್ತಿನಲ್ಲಿ ಬಟನ್ ಕೆಲಸ ಮಾಡದಂತೆ ಡ್ರೈವ್‌ಗೆ ಆಜ್ಞೆ ಹೋಗಿರುತ್ತದೆ. ಡಿಸ್ಕ್ ಬರೆಯುತ್ತಿದ್ದರೆ ಸುಮ್ನೆ ಕಾಯಿರಿ. ಬರೆದು ಮುಗಿದ ಮೇಲೂ ಡಿಸ್ಕನ್ನು ಮುಕ್ತಾಯಗೊಳಿಸಲು ಕೆಲವು ನಿಮಿಷ ಬೇಕಾಗುತ್ತದೆ. ಮಧ್ಯದಲ್ಲಿ ತಂತಿ ಹಾಕಿದರೆ ಡಿಸ್ಕ್ ಹಾಳಾಗುತ್ತದೆ. ಗೀರು ಬಿದ್ದ ಡಿಸ್ಕ್ ಆಗಿದ್ದರೂ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಪ್ರಯತ್ನಿಸುತ್ತಾ ಡ್ರೈವ್ ಬಹಳ ಹೊತ್ತು ಸ್ಪಂದಿಸದೆ ಇರಬಹುದು.

ಕಾದರೂ ಆಗದಿದ್ದರೆ ಆ ಡಿಸ್ಕನ್ನು ಬಳಸುತ್ತಿರುವ ಪ್ಲೇಯರ್, ಬರೆಯುವ ಪ್ರೋಗ್ರಾಂ, ಫೈಲ್ ಕಿಟಕಿ ಎಲ್ಲವನ್ನೂ ಮುಚ್ಚಿ. ವಿಂಡೋಸ್‌ನಲ್ಲಿ ಡ್ರೈವ್ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ Eject ಆಯ್ಕೆ ಮಾಡಿ. ಲಿನಕ್ಸ್‌ನಲ್ಲಾದರೆ ಸಾಮಾನ್ಯವಾಗಿ ಮೊದಲ ಡ್ರೈವ್‌ನ ಹೆಸರು `sr0` ಆಗಿರುತ್ತದೆ, ಹಾಗಾಗಿ ಹೀಗೆ ಕೊಡಿ:

```
umount /dev/sr0
eject -i off /dev/sr0
eject /dev/sr0
```

ಎರಡನೇ ಸಾಲು ಬಟನ್ ಮೇಲಿನ ತಡೆಯನ್ನು ತೆಗೆಯುತ್ತದೆ. ಮೊದಲ ಸಾಲು ಕೆಲಸ ಮಾಡದಿದ್ದರೆ ಅದಕ್ಕೆ ಅನುಮತಿ ಬೇಕಿರಬಹುದು, ಮುಂದೆ `sudo` ಸೇರಿಸಿ. ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆದು ಇದನ್ನು ಕೊಟ್ಟರೆ ಸಾಕು:

```
drutil eject
```

ಇದೂ ಆಗಲಿಲ್ಲ ಅಂದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಪರದೆಯಲ್ಲಿ ಮೊದಲ ಗುರುತು ಕಾಣಿಸಿದ ಕೂಡಲೇ, ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಮುಂಚೆ, ಎಜೆಕ್ಟ್ ಬಟನ್ ಒತ್ತಿ. ಆ ಹಂತದಲ್ಲಿ ಬಟನ್ ತಡೆಯುವ ಯಾವ ಪ್ರೋಗ್ರಾಂ ಕೂಡ ಇರುವುದಿಲ್ಲ. ಟ್ರೇ ಸಲೀಸಾಗಿ ಬಂದರೆ ಡ್ರೈವ್ ಸರಿಯಾಗಿದೆ, ತೊಂದರೆ ಇದ್ದದ್ದು ಪ್ರೋಗ್ರಾಂನಲ್ಲಿ. ತಂತಿ ಬೇಕಾಗಿಲ್ಲ.

## ಲೈಟೂ ಇಲ್ಲ, ಸದ್ದೂ ಇಲ್ಲ

ಡ್ರೈವ್‌ಗೆ ಕರೆಂಟ್ ಹೋಗುತ್ತಿಲ್ಲ ಎಂದರ್ಥ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡ್ರೈವ್ ಲೈಟ್ ಒಂದು ಸಲ ಮಿನುಗಬೇಕು, ಒಳಗೆ ಸಣ್ಣಗೆ ಸದ್ದು ಆಗಬೇಕು. ಅದೂ ಆಗದಿದ್ದರೆ ಡೆಸ್ಕ್‌ಟಾಪ್‌ನಲ್ಲಿ, ಪ್ಲಗ್ ತೆಗೆದ ಮೇಲೆ, ಡ್ರೈವ್ ಹಿಂದಿನ ಪವರ್ ಕೇಬಲ್ ಸಡಿಲವಾಗಿದೆಯಾ ನೋಡಿ. ಯುಎಸ್‌ಬಿ ಡ್ರೈವ್ ಆಗಿದ್ದರೆ ಬೇರೆ ಪೋರ್ಟ್‌ಗೆ ಹಾಕಿ ನೋಡಿ. ಕೇಬಲ್‌ನಲ್ಲಿ ಎರಡು ಪ್ಲಗ್ ಇದ್ದರೆ ಎರಡನ್ನೂ ಹಾಕಬೇಕು. ಡಿಸ್ಕ್ ಮಾತ್ರ ಬೇಕು, ಡ್ರೈವ್ ರಿಪೇರಿ ಆಮೇಲೆ ನೋಡಿಕೊಳ್ಳೋಣ ಅನ್ನುವವರು ನೇರವಾಗಿ ತಂತಿಗೆ ಹೋಗಬಹುದು. ಕರೆಂಟ್ ಇಲ್ಲದ ಡ್ರೈವ್‌ಗೆ ಈ ತೂತು ಬಿಟ್ಟರೆ ಬೇರೆ ದಾರಿ ಇಲ್ಲ.

## ತಂತಿ ಹಾಕುವ ಮುಂಚೆ

ಕರೆಂಟ್ ಪೂರ್ತಿ ತೆಗೆಯಿರಿ. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕುವುದು ಸಾಲದು, ಶಟ್‌ಡೌನ್ ಮಾಡಿ. ಡೆಸ್ಕ್‌ಟಾಪ್‌ನ ಪ್ಲಗ್ ತೆಗೆಯಿರಿ, ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆಯಿರಿ, ಹೊರಗಿನ ಡ್ರೈವ್‌ನ ಯುಎಸ್‌ಬಿ ಕೇಬಲ್ ಕೀಳಿ. ಆಮೇಲೆ ಒಂದು ನಿಮಿಷ ಕಾಯಿರಿ. ವೇಗದ ಸಿಡಿ ಡ್ರೈವ್‌ನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಬಲ್ಲದು. ಕರೆಂಟ್ ಹೋದ ಮೇಲೂ ಅದು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗ ಲಾಕ್ ಬಿಟ್ಟರೆ ತಿರುಗುತ್ತಿರುವ ಡಿಸ್ಕ್ ಟ್ರೇ ಮೇಲೆ ಬಿದ್ದು ಉಜ್ಜುತ್ತದೆ, ಉಂಗುರದಂಥ ಗೀರು ಬೀಳುತ್ತದೆ. ಕಿವಿಗೊಟ್ಟು ಕೇಳಿ, ಸದ್ದು ಪೂರ್ತಿ ನಿಂತಿರಬೇಕು.

ತಂತಿಗೆ ದೊಡ್ಡ ಸೈಜಿನ ಲೋಹದ ಜೆಮ್ ಕ್ಲಿಪ್ ಒಳ್ಳೆಯದು. ಅದರ ತಂತಿ ಸುಮಾರು 1 ಮಿ.ಮೀ. ದಪ್ಪ, ತೂತಿಗೆ ಸಲೀಸಾಗಿ ಹೋಗುತ್ತದೆ. ಒಂದು ತುದಿಯನ್ನು 5 ರಿಂದ 6 ಸೆಂ.ಮೀ. ನೇರ ಮಾಡಿ. ಪೂರ್ತಿ ನೇರ ಮಾಡಬೇಡಿ, ಇನ್ನೊಂದು ತುದಿಯ ಬಳೆ ಹಾಗೇ ಇರಲಿ. ಹಿಡಿದು ಒತ್ತಲು ಅದೇ ಹಿಡಿಕೆ. ತಂತಿಯಲ್ಲಿ ಸೊಟ್ಟ ಉಳಿದಿದ್ದರೆ ಅದು ಒಳಗೆ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ಗಟ್ಟಿ ಮೇಜಿನ ಮೇಲಿಟ್ಟು ಸ್ಕೇಲ್‌ನಿಂದ ಒತ್ತಿ ಉರುಳಿಸಿ ನೇರ ಮಾಡಿಕೊಳ್ಳಿ.

ಟೂತ್‌ಪಿಕ್, ಬೆಂಕಿಕಡ್ಡಿ ಬೇಡವೇ ಬೇಡ. ತುದಿ ಒಳಗೇ ಮುರಿದರೆ ಆ ತೂತು ಮುಗಿದಂತೆ. ಹೊಲಿಗೆ ಸೂಜಿಯ ಚೂಪು ಮೊನೆ ಒಳಗಿನ ಪ್ಲಾಸ್ಟಿಕ್‌ಗೆ ಚುಚ್ಚಿಕೊಳ್ಳುತ್ತದೆ, ಜಾರಿದರೆ ಬೆರಳಿಗೂ ಚುಚ್ಚುತ್ತದೆ. ಮೊಬೈಲ್ ಜೊತೆ ಬರುವ ಸಿಮ್ ಪಿನ್ ಲ್ಯಾಪ್‌ಟಾಪ್ ಡ್ರೈವ್‌ಗೆ ಕೆಲವೊಮ್ಮೆ ಸಾಕಾಗುತ್ತದೆ. ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಜಾಸ್ತಿ ಆಳಕ್ಕೆ ಹೋಗಬೇಕಾದ್ದರಿಂದ ಅದು ಗಿಡ್ಡವಾಗುತ್ತದೆ.

ತೂತು ಯಾವುದು ಎಂದು ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಕೆಲವು ಹಳೆಯ ಡ್ರೈವ್‌ಗಳಲ್ಲಿ ಹೆಡ್‌ಫೋನ್ ತೂತು, ವಾಲ್ಯೂಮ್ ಚಕ್ರ ಕೂಡ ಮುಂದೆಯೇ ಇರುತ್ತವೆ. ಬೇಕಾದ ತೂತಿನ ಒಳಗೆ ಲೋಹದ ಹೊಳಪಾಗಲಿ ಲೈಟ್‌ನ ಗಾಜಾಗಲಿ ಕಾಣುವುದಿಲ್ಲ, ಕಪ್ಪಗೆ ಆಳವಾಗಿರುತ್ತದೆ. ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ಡ್ರೈವ್ ಮುಖವನ್ನು ಮರೆಮಾಡಿದ್ದರೆ, ಆ ಮುಚ್ಚಳವನ್ನು ಬೆರಳಿನಿಂದ ಕೆಳಕ್ಕೆ ಮಡಚಿದಾಗ ತೂತು ಕಾಣುತ್ತದೆ.

## ತಂತಿ ಒತ್ತಿದಾಗ ಕೈಗೆ ಏನು ತಿಳಿಯುತ್ತದೆ

ಡೆಸ್ಕ್‌ಟಾಪ್ ಡ್ರೈವ್‌ನ ಒಳಗೆ ಏನಾಗುತ್ತದೆ ಎಂದು ಮೊದಲು ತಿಳಿದಿರಲಿ. ಟ್ರೇ ಒಳಗೆ ಹೋಗಿ ಮುಚ್ಚಿಕೊಂಡ ಮೇಲೆ, ಅದೇ ಗಿಯರ್ ಇನ್ನೊಂದು ಚೂರು ತಿರುಗಿ ಪಕ್ಕಕ್ಕೆ ಸರಿಯುವ ಒಂದು ಪಟ್ಟಿಯನ್ನು ತಳ್ಳುತ್ತದೆ. ಆ ಪಟ್ಟಿ ಸರಿದಾಗ ತಿರುಗುವ ಮೋಟಾರ್ ಮತ್ತು ಲೆನ್ಸ್ ಇರುವ ತಟ್ಟೆ ಕೆಳಗಿನಿಂದ ಮೇಲೇಳುತ್ತದೆ. ಡಿಸ್ಕ್ ಟ್ರೇಯಿಂದ ಎದ್ದು, ಮೇಲಿರುವ ಆಯಸ್ಕಾಂತದ ಬಿಲ್ಲೆಗೆ ಅಂಟಿ ನಡುವೆ ಬಿಗಿಯಾಗಿ ನಿಲ್ಲುತ್ತದೆ. ತಂತಿ ಮುಟ್ಟುವುದು ಆ ಪಟ್ಟಿಯನ್ನು ಅಥವಾ ಅದಕ್ಕೆ ಸೇರಿದ ಸನ್ನೆಕೋಲನ್ನು. ನೀವು ಒತ್ತಿದಾಗ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ತಟ್ಟೆ ಇಳಿಯುತ್ತದೆ, ಡಿಸ್ಕ್ ಟ್ರೇ ಮೇಲೆ ಕೂರುತ್ತದೆ, ಟ್ರೇ ಸ್ವಲ್ಪ ಮುಂದೆ ಬರುತ್ತದೆ.

ತಂತಿಯನ್ನು ಟ್ರೇಗೆ ಸಮನಾಗಿ, ಮೇಲೆ ಕೆಳಗೆ ಓರೆಯಾಗದಂತೆ ಒಳಗೆ ಬಿಡಿ. ಸ್ವಲ್ಪ ದೂರ ಖಾಲಿ ಹೋಗಿ ಎಲ್ಲೋ ತಗುಲುತ್ತದೆ. ಅಲ್ಲಿಂದ ನಿಧಾನವಾಗಿ, ಒಂದೇ ಸಮ ಒತ್ತಿ. ಸರಿಯಾದ ಜಾಗಕ್ಕೆ ತಗುಲಿದ್ದರೆ ತಂತಿ ತುದಿಯಲ್ಲಿ ಏನೋ ಸರಿಯುತ್ತಿರುವುದು ಬೆರಳಿಗೆ ಗೊತ್ತಾಗುತ್ತದೆ. ಮೊದಲು ಸ್ವಲ್ಪ ಬಿಗಿ, ಆಮೇಲೆ ಸಡಿಲ. ಆ ಸಡಿಲ ಬಂದ ಕೂಡಲೇ ಟ್ರೇ ಒಂದು ಸೆಂ.ಮೀ.ಯಷ್ಟು ಅಥವಾ ಅದಕ್ಕೂ ಕಡಿಮೆ ಮುಂದೆ ಬರುತ್ತದೆ. ತಂತಿ ತೆಗೆದು, ಟ್ರೇಯನ್ನು ಎರಡೂ ಬದಿಯಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಒಂದೇ ಕಡೆ ಹಿಡಿದರೆ ಟ್ರೇ ಓರೆಯಾಗಿ ಬಿಗಿಯುತ್ತದೆ. ಎಳೆಯುವಾಗ ಗಿಯರ್ ತಿರುಗುವ ಸಣ್ಣ ಬಿಗಿ ಇರುತ್ತದೆ, ಅದು ಸಹಜ.

ಲ್ಯಾಪ್‌ಟಾಪ್‌ನ ತೆಳು ಡ್ರೈವ್ ಬೇರೆ ಜಾತಿ. ಅಲ್ಲಿ ಟ್ರೇಯನ್ನು ತಳ್ಳುವ ಮೋಟಾರೇ ಇಲ್ಲ. ಒಂದು ಕೊಕ್ಕೆ ಟ್ರೇಯನ್ನು ಹಿಡಿದಿರುತ್ತದೆ, ಹಿಂದೆ ಒಂದು ಸ್ಪ್ರಿಂಗ್ ಇರುತ್ತದೆ. ತಂತಿ ಕೊಕ್ಕೆಗೆ ತಗುಲಿದರೆ ಟಕ್ ಅಂತ ಸದ್ದಾಗಿ ಟ್ರೇ ಚಿಮ್ಮುತ್ತದೆ. ಜಾಸ್ತಿ ಬಲ ಬೇಕಿಲ್ಲ. ಟ್ರೇ ಪೂರ್ತಿ ಎಳೆದ ಮೇಲೆ ಡಿಸ್ಕನ್ನು ಸುಮ್ನೆ ಮೇಲಕ್ಕೆ ಕೀಳಬೇಡಿ. ಅದು ನಡುವಿನ ಗುಬುಟಿಗೆ ಚುಟಕ್ ಎಂದು ಕಚ್ಚಿಕೊಂಡಿರುತ್ತದೆ. ಗುಬುಟಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದು, ಅಂಚನ್ನು ಬೆರಳಿನಿಂದ ಎತ್ತಿ. ಪಕ್ಕದಲ್ಲಿ ಕಾಣುವ ಸಣ್ಣ ಗಾಜಿನ ಲೆನ್ಸ್ ಮುಟ್ಟಬೇಡಿ.

## ತಂತಿ ಎಲ್ಲೂ ತಗುಲುತ್ತಿಲ್ಲ, ಅಥವಾ ಗೋಡೆಗೆ ಒತ್ತಿದ ಹಾಗಿದೆ

ತಗುಲದಿದ್ದರೆ ತಂತಿ ಗಿಡ್ಡ ಇರಬಹುದು, ಇಲ್ಲ ಓರೆಯಾಗಿ ಹೋಗಿದೆ. ಹೊರಗೆ ತೆಗೆದು ನೇರ ಮಾಡಿ ಮತ್ತೆ ಬಿಡಿ. ತಂತಿಯನ್ನು ಒಳಗೇ ಅಲ್ಲಾಡಿಸಿ ಹುಡುಕಬೇಡಿ.

ಗೋಡೆಯ ಹಾಗೆ ಗಟ್ಟಿಯಾಗಿದ್ದರೆ ಎರಡು ಸಾಧ್ಯತೆ. ತಂತಿ ತಪ್ಪಾದ ಜಾಗಕ್ಕೆ ತಗುಲಿದೆ, ಅಥವಾ ಪಟ್ಟಿ ಸರಿಯದಂತೆ ಏನೋ ಅಡ್ಡ ಇದೆ. ಒಂದೆರಡು ಸಲ ಹೊಸದಾಗಿ ಪ್ರಯತ್ನಿಸಿದರೂ ಅಷ್ಟೇ ಗಟ್ಟಿಯಾಗಿದ್ದು, ತಂತಿ ಬಾಗಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ. ತಂತಿ ಬಾಗುವುದೇ ಅಳತೆ. ಅದಕ್ಕಿಂತ ಗಟ್ಟಿ ಸಾಮಾನು ಹಾಕಿ ಒತ್ತಿದರೆ ಪಟ್ಟಿಯೇ ಮುರಿಯುತ್ತದೆ.

## ಬಟನ್ ಒತ್ತಿದರೆ ಮೋಟಾರ್ ಗುರ್ ಅನ್ನುತ್ತದೆ, ಟ್ರೇ ಬರುವುದಿಲ್ಲ; ತಂತಿ ಹಾಕಿದರೆ ಸಲೀಸಾಗಿ ಬರುತ್ತದೆ

ಇದು ಬೆಲ್ಟ್‌ನ ಲಕ್ಷಣ. ಡೆಸ್ಕ್‌ಟಾಪ್ ಡ್ರೈವ್‌ಗಳಲ್ಲಿ ಟ್ರೇ ಮೋಟಾರಿನಿಂದ ಗಿಯರ್‌ಗೆ ಸಾಮಾನ್ಯವಾಗಿ ಒಂದು ಸಣ್ಣ ರಬ್ಬರ್ ಬೆಲ್ಟ್ ಇರುತ್ತದೆ. ವರ್ಷಗಳಾದ ಮೇಲೆ ಅದು ಹಿಗ್ಗುತ್ತದೆ, ನುಣುಪಾಗುತ್ತದೆ. ಮೋಟಾರ್ ತಿರುಗುತ್ತದೆ, ಬೆಲ್ಟ್ ಜಾರುತ್ತದೆ, ಗಿಯರ್ ಅಲ್ಲೇ ನಿಲ್ಲುತ್ತದೆ.

ಅತಿ ಹೆಚ್ಚು ಬಲ ಬೇಕಾಗುವುದು ಮೊದಲ ಕ್ಷಣದಲ್ಲಿ, ಆಯಸ್ಕಾಂತದ ಹಿಡಿತ ಬಿಡಿಸುವಾಗ. ಇದರಿಂದ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಟ್ರೇ ಖಾಲಿ ಇದ್ದಾಗ ಆಯಸ್ಕಾಂತ ನೇರವಾಗಿ ಲೋಹಕ್ಕೆ ಅಂಟುತ್ತದೆ, ಹಿಡಿತ ಬಲವಾಗಿರುತ್ತದೆ. ಡಿಸ್ಕ್ ಇದ್ದರೆ ಅದರ 1.2 ಮಿ.ಮೀ. ದಪ್ಪ ನಡುವೆ ಬರುವುದರಿಂದ ಹಿಡಿತ ಕಡಿಮೆ. ಹಾಗಾಗಿ ಡಿಸ್ಕ್ ಇದ್ದಾಗ ತೆರೆದು, ಖಾಲಿ ಇದ್ದಾಗ ಸಿಕ್ಕಿಕೊಳ್ಳುವ ಡ್ರೈವ್ ಕಂಡರೆ ಬೆಲ್ಟ್ ಸೋಲಲು ಶುರುವಾಗಿದೆ ಎಂದು ತಿಳಿಯಿರಿ. ಡಿಸ್ಕ್ ಇದ್ದಾಗಲೂ ತೆರೆಯದ ಹಂತ ಆಮೇಲೆ ಬರುತ್ತದೆ.

ತಂತಿಯಿಂದ ಡಿಸ್ಕ್ ತೆಗೆದುಕೊಂಡ ಮೇಲೆ, ಬೆಲ್ಟ್ ಬದಲಿಸುವವರೆಗೆ ಆ ಡ್ರೈವ್‌ಗೆ ಮುಖ್ಯವಾದ ಡಿಸ್ಕ್ ಹಾಕಬೇಡಿ. ಕೆಲವು ಡ್ರೈವ್‌ಗಳಲ್ಲಿ ಟ್ರೇ ಪೂರ್ತಿ ಹೊರಗೆ ಬಂದಾಗ ಮುಂಭಾಗದಲ್ಲೇ ಬೆಲ್ಟ್ ಕಾಣುತ್ತದೆ. ಕಂಡರೆ ಚಿಮಟದಿಂದ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಬೆಲ್ಟ್, ಎರಡೂ ಚಕ್ರಗಳನ್ನು ಒರೆಸಿ ಒಣಗಿಸಿ ಹಾಕಿ. ಎಣ್ಣೆ ಹಚ್ಚಬೇಡಿ, ಇನ್ನಷ್ಟು ಜಾರುತ್ತದೆ. ಹಿಗ್ಗಿದ್ದ ಬೆಲ್ಟ್‌ಗೆ ಒರೆಸುವುದು ಸ್ವಲ್ಪ ದಿನದ ಉಪಾಯ ಮಾತ್ರ. ಅದೇ ಸುತ್ತಳತೆಯ, ಅದೇ ದಪ್ಪದ ಹೊಸ ಬೆಲ್ಟ್ ಹಾಕುವುದೇ ಪರಿಹಾರ. ಅದಕ್ಕಿಂತ ಬಿಗಿಯಾದದ್ದು ಹಾಕಿದರೆ ಮೋಟಾರಿಗೆ ಭಾರ.

## ಟ್ರೇ ಒಂದು ಬೆರಳಷ್ಟು ಬಂದು ನಿಲ್ಲುತ್ತದೆ, ಮತ್ತೆ ಒಳಗೆ ಹೋಗುತ್ತದೆ

ಮೋಟಾರ್, ಬೆಲ್ಟ್, ಲಾಕ್ ಎಲ್ಲ ಕೆಲಸ ಮಾಡುತ್ತಿವೆ. ಡಿಸ್ಕ್ ದಾರಿಗೆ ಅಡ್ಡವಾಗಿದೆ. ಇಲ್ಲೇ ಜನ ಜೋರಾಗಿ ಎಳೆದು ಡಿಸ್ಕ್ ಹಾಳು ಮಾಡಿಕೊಳ್ಳುತ್ತಾರೆ. ಅದಕ್ಕೇ ನನ್ನ ಕೈಗೆ ಬಂದ ಒಂದು ಡ್ರೈವ್‌ನ ಕೆಲಸವನ್ನು ಹಂತ ಹಂತವಾಗಿ ಹೇಳುತ್ತೇನೆ.

ಅದು ಡೆಸ್ಕ್‌ಟಾಪ್ ಡ್ರೈವ್. ಒಳಗೆ ಪರಿಚಯದವರೊಬ್ಬರ ಫೋಟೋಗಳಿದ್ದ ಡಿವಿಡಿ, ಬೇರೆ ಪ್ರತಿ ಇರಲಿಲ್ಲ. ಬಟನ್ ಒತ್ತಿದರೆ ಟ್ರೇ ಬೆರಳಗಲ ಬಂದು, ಕರ್ ಎಂದು ಸದ್ದು ಮಾಡಿ ವಾಪಸ್ ಹೋಗುತ್ತಿತ್ತು. ರೀಸ್ಟಾರ್ಟ್ ಮಾಡಿ ಮೊದಲ ಪರದೆಯಲ್ಲೇ ಬಟನ್ ಒತ್ತಿದರೂ ಅದೇ ಕಥೆ. ಅಂದರೆ ಪ್ರೋಗ್ರಾಂ ಕಾರಣ ಅಲ್ಲ. ಕರೆಂಟ್ ತೆಗೆದು, ಕಾದು, ತಂತಿ ಹಾಕಿದೆ. ಪಟ್ಟಿ ಸಲೀಸಾಗಿ ಸರಿಯಿತು. ಅಂದರೆ ಲಾಕ್ ಸರಿ ಇದೆ. ಟ್ರೇ ಎಳೆದಾಗ ಅದೇ ಜಾಗದಲ್ಲಿ ನಿಂತಿತು, ಸದ್ದು ಮೇಲ್ಭಾಗದಿಂದ ಬಂತು. ಈ ಸದ್ದೇ ಮುಖ್ಯ. ಗಿಯರ್ ಸಿಕ್ಕಿಕೊಂಡಿದ್ದರೆ ಸದ್ದು ಕೆಳಗಿನಿಂದ, ಒಂದು ಬದಿಯಿಂದ ಬರುತ್ತದೆ.

ಎಳೆಯುವುದನ್ನು ನಿಲ್ಲಿಸಿ ಟ್ರೇಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿ, ಸಂದಿಗೆ ಟಾರ್ಚ್ ಬಿಟ್ಟೆ. ಡಿಸ್ಕ್‌ನ ಮುಂದಿನ ಅಂಚು ಟ್ರೇಯ ಗುಳಿಯಲ್ಲಿ ಕೂರದೆ ಮೇಲಕ್ಕೆ ಎದ್ದು, ಡ್ರೈವ್ ಮುಖದ ಮೇಲಂಚಿಗೆ ತಾಗಿತ್ತು. ಪ್ಲಾಸ್ಟಿಕ್ ಫೈಲ್ ಕವರ್‌ನಿಂದ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಡಿಸ್ಕ್ ಮೇಲ್ಭಾಗಕ್ಕೂ ಆ ಅಂಚಿಗೂ ನಡುವೆ ತೂರಿಸಿದೆ. ಪಟ್ಟಿಯಿಂದ ಡಿಸ್ಕ್ ಅಂಚನ್ನು ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಟ್ರೇ ಎಳೆದಾಗ ಎರಡೂ ಒಟ್ಟಿಗೆ ಬಂದವು.

ಡಿಸ್ಕ್ ಮೇಲೆ ಕಾಗದದ ಲೇಬಲ್ ಅಂಟಿಸಿದ್ದರು. ಡ್ರೈವ್‌ನ ಶಾಖಕ್ಕೆ ಅದರ ಅಂಚು ಎದ್ದು ಸುರುಳಿಯಾಗಿತ್ತು, ಅಂಟು ಹೊರಗೆ ಬಂದಿತ್ತು. ಅದು ಮೇಲೆ ಅಂಟಿಕೊಂಡು ಡಿಸ್ಕನ್ನು ಓರೆಯಾಗಿಸಿತ್ತು. ಬೇರೆ ಡಿಸ್ಕ್ ಹಾಕಿ ಹಲವು ಸಲ ತೆರೆದು ಮುಚ್ಚಿದರೆ ಡ್ರೈವ್ ಚೆನ್ನಾಗಿಯೇ ಇತ್ತು. ಆ ಲೇಬಲನ್ನು ಪೂರ್ತಿ ಕೀಳಲು ಹೋಗಲಿಲ್ಲ. ಬರೆಯುವ ಸಿಡಿಯಲ್ಲಿ ಮಾಹಿತಿಯ ಪದರ ಲೇಬಲ್ ಕೆಳಗೇ ಇರುತ್ತದೆ, ಅಂಟಿನ ಜೊತೆ ಅದೂ ಕಿತ್ತು ಬರುತ್ತದೆ. ಡಿವಿಡಿಯಲ್ಲಿ ಪದರ ಎರಡು ತಟ್ಟೆಗಳ ನಡುವೆ ಇರುವುದರಿಂದ ಅಷ್ಟು ಭಯ ಇಲ್ಲ. ಎದ್ದ ಭಾಗವನ್ನು ಮಾತ್ರ ಕತ್ತರಿಸಿ, ಫೋಟೋಗಳನ್ನು ಕೂಡಲೇ ಬೇರೆಡೆಗೆ ನಕಲು ಮಾಡಿಕೊಟ್ಟೆ.

ಲ್ಯಾಪ್‌ಟಾಪ್ ಡ್ರೈವ್‌ನಲ್ಲಿ ಟ್ರೇ ಹೀಗೆ ಸ್ವಲ್ಪ ಬಂದು ನಿಂತರೆ ಕಾರಣ ಸಾಮಾನ್ಯವಾಗಿ ಇನ್ನೂ ಸರಳ. ಡಿಸ್ಕನ್ನು ಗುಬುಟಿಗೆ ಪೂರ್ತಿ ಒತ್ತಿ ಕೂರಿಸದೆ ಟ್ರೇ ಮುಚ್ಚಿರುತ್ತಾರೆ. ಡಿಸ್ಕ್ ಎತ್ತರದಲ್ಲಿ ಕೂತು ಮೇಲಿನ ತಗಡಿಗೆ ಉಜ್ಜುತ್ತದೆ. ಅಲ್ಲಿ ಜಾಗ ಕಡಿಮೆ ಇರುವುದರಿಂದ ತೆಳುವಾದ ಪಟ್ಟಿ ಬೇಕು, ಉಪಾಯ ಅದೇ.

## ಟ್ರೇ ಬಂತು, ಡಿಸ್ಕ್ ಬರಲಿಲ್ಲ

ಇದು ಗಾಬರಿ ಹುಟ್ಟಿಸುತ್ತದೆ, ಅಲ್ವಾ? ಡಿಸ್ಕ್ ಮೇಲಿನ ಬಿಲ್ಲೆಗೆ ಅಂಟಿಕೊಂಡಿರಬಹುದು, ಇಲ್ಲವೇ ಟ್ರೇ ಹಿಂದಕ್ಕೆ ಜಾರಿ ಬಿದ್ದಿರಬಹುದು. ಎರಡನೆಯದು ಡ್ರೈವನ್ನು ಲಂಬವಾಗಿ ನಿಲ್ಲಿಸಿ ಬಳಸುವವರಲ್ಲಿ ಜಾಸ್ತಿ. ಆಗ ಡಿಸ್ಕನ್ನು ಟ್ರೇಯ ಸಣ್ಣ ಕೊಕ್ಕೆಗಳ ಒಳಗೆ ಕೂರಿಸಬೇಕು, ಇಲ್ಲದಿದ್ದರೆ ಅದು ಜಾರುತ್ತದೆ.

ಟ್ರೇಯನ್ನು ಮತ್ತೆ ಒಳಗೆ ತಳ್ಳಬೇಡಿ, ಕರೆಂಟ್ ಕೊಡಬೇಡಿ. ಟ್ರೇ ತೆರೆದೇ ಇರಲಿ. ಡ್ರೈವ್ ಮುಂಭಾಗ ಕೆಳಗೆ ಬರುವಂತೆ ವಾಲಿಸಿ, ಮೇಲಿನ ತಗಡನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ. ಡಿಸ್ಕ್ ಜಾರಿ ಟ್ರೇ ಮೇಲೆ ಬಂದರೆ ಸರಿ. ಬಾರದಿದ್ದರೆ ಡ್ರೈವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು ತೆರೆಯಬೇಕು. ಡೆಸ್ಕ್‌ಟಾಪ್ ಡ್ರೈವ್‌ನಲ್ಲಿ ಸಾಮಾನ್ಯವಾಗಿ ತಳದ ತಗಡಿಗೆ 4 ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿ ತಳದ ತಗಡು ತೆಗೆಯಿರಿ. ಆಮೇಲೆ ಟ್ರೇಯ ಮುಂದಿನ ಪಟ್ಟಿ, ಕೊಕ್ಕೆಗಳಿಂದ ಹಿಡಿದಿರುವ ಮುಖದ ಚೌಕಟ್ಟು, ಕೊನೆಗೆ ಮೇಲಿನ ತಗಡು, ಈ ಕ್ರಮದಲ್ಲಿ ಬರುತ್ತದೆ. ಟ್ರೇ ಹೊರಗೆ ಬಂದಿರದಿದ್ದರೆ ಅದರ ಮುಂದಿನ ಪಟ್ಟಿ ಕಳಚುವುದಿಲ್ಲ. ತೆರೆದಿಟ್ಟ ಡ್ರೈವ್‌ಗೆ ಪರೀಕ್ಷೆಗೆಂದೂ ಕರೆಂಟ್ ಕೊಡಬೇಡಿ. ಒಳಗಿನ ಲೇಸರ್ ಕಣ್ಣಿಗೆ ಅಪಾಯ. ಸಿಡಿ ಓದುವ ಲೇಸರಿನ ಬೆಳಕು ಹೆಚ್ಚುಕಡಿಮೆ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಅದು ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

## ಇಲ್ಲಿಗೆ ನಿಲ್ಲಿಸಿ, ಬೇರೆಯವರ ಕೈಗೆ ಕೊಡಿ

ಪಟಾರ್ ಎಂದು ಸದ್ದಾಗಿ ಡ್ರೈವ್ ನಿಂತಿದ್ದರೆ, ಅಥವಾ ಅಲ್ಲಾಡಿಸಿದಾಗ ಒಳಗೆ ಚೂರುಗಳ ಸದ್ದು ಕೇಳಿದರೆ ಡಿಸ್ಕ್ ಒಡೆದಿದೆ. ಚೂರುಗಳು ಗಾಜಿನಷ್ಟೇ ಚೂಪು. ಟ್ರೇ ಎಳೆಯಬೇಡಿ, ಡ್ರೈವ್‌ಗೆ ಕರೆಂಟ್ ಕೊಡಬೇಡಿ. ರಿಪೇರಿ ಮಾಡುವವರಿಗೆ ಕೊಡುವಾಗ ಡಿಸ್ಕ್ ಒಡೆದಿದೆ ಎಂದು ಮೊದಲೇ ಹೇಳಿ, ಕನ್ನಡಕ ಹಾಕಿಕೊಂಡು ತೆರೆಯಬೇಕಾಗುತ್ತದೆ.

ಟ್ರೇ ಇಲ್ಲದೆ ಸೀಳಿನೊಳಗೆ ಡಿಸ್ಕ್ ನುಂಗುವ ಡ್ರೈವ್‌ಗಳಲ್ಲಿ ಹೆಚ್ಚಾಗಿ ಪಿನ್ ತೂತೇ ಇರುವುದಿಲ್ಲ. ಅದರ ಸೀಳಿಗೆ ತಂತಿ, ಚಿಮಟ ಏನನ್ನೂ ಹಾಕಬೇಡಿ. ಮೇಲೆ ಹೇಳಿದ ಆಜ್ಞೆಗಳು ಮತ್ತು ರೀಸ್ಟಾರ್ಟ್‌ನಿಂದ ಆಗದಿದ್ದರೆ ಬಿಚ್ಚಿಯೇ ತೆಗೆಯಬೇಕು. ಅದನ್ನು ರಿಪೇರಿ ಮಾಡುವವರಿಗೆ ಬಿಡಿ. ವಾರಂಟಿ ಇರುವ ಕಂಪ್ಯೂಟರ್ ಆಗಿದ್ದರೂ ನೀವೇ ಬಿಚ್ಚಬೇಡಿ. ತಂತಿ ಹಾಕುವುದು ತಯಾರಕರೇ ಒಪ್ಪಿದ ದಾರಿ, ಸ್ಕ್ರೂ ಬಿಚ್ಚುವುದು ಬೇರೆ ಮಾತು.

ಹೊರಗೆ ಬಂದ ಡಿಸ್ಕನ್ನು ಬೆಳಕಿಗೆ ಹಿಡಿದು ನಡುವಿನ ತೂತಿನ ಸುತ್ತ ನೋಡಿ. ಅಲ್ಲಿಂದ ಹೊರಟ ಕೂದಲೆಳೆಯ ಬಿರುಕು ಕಂಡರೆ ಅದನ್ನು ಯಾವ ಡ್ರೈವ್‌ಗೂ ಹಾಕಬೇಡಿ. ವೇಗವಾಗಿ ತಿರುಗುವಾಗ ಆ ಬಿರುಕು ಬೆಳೆದು ಡಿಸ್ಕ್ ಒಳಗೇ ಸಿಡಿಯಬಹುದು.